ಚೆಂಡು ಏಳುವ ಮುಂಚೆ ಏಳಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ. ವಿಕೆಟ್ ಕೀಪಿಂಗ್ ಬಗ್ಗೆ ಮಾತಾಡಿ ಎಂದು ಯಾರೇ ಕರೆದರೂ, ಹಾರಿ ಹಿಡಿಯುವ ಕ್ಯಾಚ್ ಬಗ್ಗೆ ನಾಲ್ಕು ಮಾತು ಬರಲಿ ಅಂತ ಕಾಯುತ್ತಾರೆ. ಇವತ್ತು ನಾನು ಅದರ ತಂಟೆಗೆ ಹೋಗುವುದಿಲ್ಲ. ಚೆಂಡು ಬರುವ ಮುಂಚೆ ನೀವು ಹೇಗೆ ಕೂತಿರುತ್ತೀರಿ, ಗ್ಲೌಸ್ ಎಲ್ಲಿರುತ್ತದೆ, ಸ್ಟಂಪಿಗೆ ಎಷ್ಟು ಹತ್ತಿರ ಇರುತ್ತೀರಿ, ಇಷ್ಟನ್ನೇ ಹೇಳುತ್ತೇನೆ. ಈಗಷ್ಟೇ ಗ್ಲೌಸ್ ತೊಟ್ಟ ಹುಡುಗ ಹುಡುಗಿಯರು, ಅವರಿಗೆ ಕಲಿಸುವವರು ಕೇಳುತ್ತಿದ್ದೀರಿ ಅಂದುಕೊಂಡು ಮಾತಾಡುತ್ತೇನೆ. ಅರ್ಧಕ್ಕೆ ಎದ್ದು ಹೋಗಬೇಕಾದವರು ಈ ಒಂದು ಮಾತು ಕೇಳಿಕೊಂಡು ಹೋಗಿ: ಚೆಂಡು ನೆಲಕ್ಕೆ ಬಿದ್ದು ಏಳುವವರೆಗೆ ನಿಮ್ಮ ಗ್ಲೌಸ್ ನೆಲ ಬಿಟ್ಟು ಏಳಬಾರದು.

ಮೊದಲು ಕೂರುವುದು. ಪಾದಗಳ ನಡುವೆ ಭುಜದಗಲ, ಇಲ್ಲವೇ ಅದಕ್ಕಿಂತ ಚೂರು ಹೆಚ್ಚು ಅಂತರ ಇರಲಿ. ಕುಕ್ಕರಗಾಲಲ್ಲಿ ಕೂತಾಗ ಮೈಭಾರ ಮುಂಗಾಲ ಮೇಲೆ ಬೀಳಬೇಕು. ಹಿಮ್ಮಡಿಯ ಮೇಲೆ ಭಾರ ಬಿಟ್ಟು ಕೂತವನು ಪಕ್ಕಕ್ಕೆ ಸರಿಯಬೇಕಾದರೆ ಮೊದಲು ಮುಂದಕ್ಕೆ ವಾಲಬೇಕು, ಆಮೇಲೆ ಸರಿಯಬೇಕು. ಅಷ್ಟರಲ್ಲಿ ಚೆಂಡು ಬೌಂಡರಿ ಕಡೆ ಹೊರಟಿರುತ್ತದೆ. ತಲೆ ನೆಟ್ಟಗಿರಲಿ, ಎರಡೂ ಕಣ್ಣು ಒಂದೇ ಮಟ್ಟದಲ್ಲಿರಲಿ.

ಇನ್ನು ಗ್ಲೌಸ್. ಎರಡೂ ಕೈಯ ಕಿರುಬೆರಳುಗಳು ಒಂದಕ್ಕೊಂದು ತಾಗಿಕೊಂಡಿರಲಿ, ಬೆರಳ ತುದಿಗಳು ನೆಲ ಮುಟ್ಟಿರಲಿ, ಅಂಗೈ ಪೂರ್ತಿ ಬೌಲರ್ ಕಡೆಗೆ ತೆರೆದಿರಲಿ. ಕೈಗಳು ಮೊಣಕಾಲುಗಳ ನಡುವೆ, ಮೈಯಿಂದ ಸ್ವಲ್ಪ ಮುಂದೆ. ಬೆರಳ ತುದಿ ಯಾವತ್ತೂ ಚೆಂಡಿನ ಕಡೆ ನೆಟ್ಟಿರಬಾರದು. ಚೆಂಡು ಎದೆಗಿಂತ ಕೆಳಗೆ ಬಂದರೆ ಬೆರಳು ನೆಲದ ಕಡೆ, ಮೇಲೆ ಬಂದರೆ ಆಕಾಶದ ಕಡೆ. ಸರಿಯಾಗಿ ಎದೆಮಟ್ಟಕ್ಕೇ ಬಂದರೆ ಮೈಯನ್ನು ಒಂದು ಪಕ್ಕಕ್ಕೆ ತೆಗೆದು ಕೈಯನ್ನು ಅಡ್ಡ ತಿರುಗಿಸಿ. ಬೆರಳು ಮುರಿದುಕೊಂಡ ಕೀಪರ್‌ಗಳನ್ನು ಕೇಳಿ ನೋಡಿ, ಹೆಚ್ಚಿನವರು ಬೆರಳು ಮುಂದಕ್ಕೆ ಚಾಚಿದವರೇ.

ಈಗ ನನ್ನ ಮಾತಿಗೆ ಬರುತ್ತೇನೆ. ಗ್ಲೌಸ್ ಕೆಳಗೇ ಯಾಕಿರಬೇಕು? ಪಿಚ್‌ಗೆ ಬಿದ್ದ ಚೆಂಡು ಮೇಲಕ್ಕೆ ಏಳುತ್ತಾ ಬರುತ್ತದೆ. ನಿಮ್ಮ ಕೈಯೂ ಅದರ ಜೊತೆಯಲ್ಲೇ ಮೇಲಕ್ಕೆ ಎದ್ದರೆ ಎರಡರ ದಾರಿಯೂ ಒಂದೇ ಆಗುತ್ತದೆ. ಎಣಿಕೆ ಚೂರು ತಪ್ಪಿದರೂ ಚೆಂಡು ಅಂಗೈಯಲ್ಲೇ ಎಲ್ಲೋ ಸಿಗುತ್ತದೆ. ಮೊದಲೇ ಎದ್ದು ನಿಂತವನು ಕೆಳಗೆ ಬಂದ ಚೆಂಡಿಗೆ ಕೈಯನ್ನು ಕೆಳಕ್ಕೆ ತಳ್ಳಬೇಕು. ಚೆಂಡು ಮೇಲಕ್ಕೆ, ಕೈ ಕೆಳಕ್ಕೆ. ಎರಡೂ ಎದುರಾಗುವುದು ಒಂದೇ ಒಂದು ಕ್ಷಣ. ಅದು ತಪ್ಪಿದರೆ ಚೆಂಡು ಬೆರಳ ತುದಿಗೆ ಬಡಿಯುತ್ತದೆ, ಇಲ್ಲ ಕೈಕೆಳಗೆ ನುಸುಳಿ ಬೈ ರನ್ ಕೊಡುತ್ತದೆ. ದಯವಿಟ್ಟು ಚೆಂಡು ಏಳುವ ಮುಂಚೆ ಏಳಬೇಡಿ.

ನಾನು ಕಲಿಸುತ್ತಿದ್ದ ಹುಡುಗನೊಬ್ಬನ ವಿಷಯ ಹೇಳುತ್ತೇನೆ. ಸ್ವಲ್ಪ ಉದ್ದದ ಕತೆ, ಆದರೆ ಇವತ್ತು ಹೇಳಬೇಕಾದದ್ದೆಲ್ಲ ಅದರಲ್ಲೇ ಇದೆ. ಒಳ್ಳೆಯ ಕೈ, ಚುರುಕು ಕಾಲು. ಅವನ ತಂಡದಲ್ಲಿ ಗಂಟೆಗೆ ಸುಮಾರು 100 ಕಿಲೋಮೀಟರ್ ವೇಗದಲ್ಲಿ ಎಸೆಯುವ ಒಬ್ಬ ಮಧ್ಯಮ ವೇಗದ ಬೌಲರ್ ಇದ್ದ. ಆ ಬೌಲರ್ ಬಂದ ಕೂಡಲೇ ಈ ಹುಡುಗ ಸ್ಟಂಪಿನಿಂದ ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ ಕೂರುತ್ತಿದ್ದ. ಪೂರ್ತಿ ಹಿಂದೆಯೂ ಅಲ್ಲ, ಸ್ಟಂಪಿನ ಬಳಿಯೂ ಅಲ್ಲ. ಬ್ಯಾಟ್ಸ್‌ಮನ್ ಒಬ್ಬ ಅದನ್ನು ನೋಡಿಕೊಂಡು, ಕ್ರೀಸಿನಿಂದ ಒಂದು ಹೆಜ್ಜೆ ಆಚೆ ನಿಂತು ಆರಾಮಾಗಿ ಆಡತೊಡಗಿದ. ಸ್ಟಂಪ್ ಮಾಡುವವರೇ ಇಲ್ಲವಲ್ಲ! ಬೌಲರ್ ಒಳ್ಳೆಯ ಉದ್ದದಲ್ಲಿ ಹಾಕಿದ ಚೆಂಡೆಲ್ಲ ಅವನಿಗೆ ಮುಂದಡಿಯಲ್ಲಿ ಸಿಗುತ್ತಿತ್ತು. ಎರಡು ಸಲ ಬ್ಯಾಟಿನ ಅಂಚು ಸವರಿದ ಚೆಂಡು ನಮ್ಮ ಹುಡುಗನ ಬಲಗೈ ಆಚೆ ಹಾದುಹೋಯಿತು. ಕೈ ಅಲ್ಲಾಡಿದ್ದು ಚೆಂಡು ಹೋದ ಮೇಲೆ.

ವಿರಾಮದಲ್ಲಿ ಕರೆದು ಕೇಳಿದೆ, "ಯಾಕಪ್ಪಾ ಅಲ್ಲಿ ಕೂರ್ತೀಯ?"

"ಸರ್, ಅವನು ಸ್ಪೀಡು. ಹತ್ತಿರ ನಿಂತರೆ ಕೈಗೇ ಸಿಗಲ್ಲ. ಇಲ್ಲಾದರೆ ಸ್ವಲ್ಪ ಟೈಮ್ ಸಿಗುತ್ತೆ."

ಟೈಮ್ ಸಿಗುತ್ತದೆ ಎಂಬ ಈ ನಂಬಿಕೆ ಎಷ್ಟು ಕೀಪರ್‌ಗಳನ್ನು ಹಾಳು ಮಾಡಿದೆಯೋ! ಲೆಕ್ಕ ಹಾಕೋಣ ಬನ್ನಿ. ಸ್ಟಂಪಿನ ಬಳಿ ಕೂತರೆ ಬ್ಯಾಟಿನಿಂದ ಗ್ಲೌಸ್‌ಗೆ ಸುಮಾರು 2 ಮೀಟರ್. ಪಿಚ್‌ಗೆ ಬಿದ್ದು ವೇಗ ಕಳೆದುಕೊಂಡ ಆ ಚೆಂಡು ಅಷ್ಟು ದೂರ ಬರಲು ಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಡ. ಕಣ್ಣು ಕಂಡದ್ದಕ್ಕೆ ಕೈ ಓಗೊಡಲು ಸೆಕೆಂಡಿನ ಐದನೇ ಒಂದು ಭಾಗವಾದರೂ ಬೇಕು. ಅಂದರೆ ಸ್ಟಂಪಿನ ಬಳಿ ಅಂಚಿನ ಚೆಂಡನ್ನು ನೋಡಿ ಹಿಡಿಯುವವರು ಯಾರೂ ಇಲ್ಲ. ಚೆಂಡು ಬರುವ ಸಾಲಿನಲ್ಲಿ ಕೈ ಮೊದಲೇ ಇರುತ್ತದೆ, ಬ್ಯಾಟ್ ಸವರಿ ಅದು 8 ಸೆಂಟಿಮೀಟರ್ ಸರಿದರೂ ಎರಡು ಗ್ಲೌಸಿನ ಅಗಲದೊಳಗೇ ಬೀಳುತ್ತದೆ. ನಾಲ್ಕು ಹೆಜ್ಜೆ ಹಿಂದೆ ಹೋದರೆ ದೂರ ಸುಮಾರು 4.5 ಮೀಟರ್. ಆಗಲೂ ಕೈ ಓಗೊಡುವಷ್ಟು ಸಮಯ ಸಿಗುವುದಿಲ್ಲ. ಆದರೆ ಅದೇ ಚೆಂಡು ಈಗ 18 ಸೆಂಟಿಮೀಟರ್ ಸರಿದಿರುತ್ತದೆ, ಗ್ಲೌಸ್ ದಾಟಿರುತ್ತದೆ. ಸಮಯವೂ ಇಲ್ಲ, ಕೈಗೂ ಇಲ್ಲ, ಸ್ಟಂಪಿಂಗೂ ಇಲ್ಲ. ಇದಕ್ಕಿಂತ ಕೆಟ್ಟ ಜಾಗ ಮೈದಾನದಲ್ಲೇ ಇಲ್ಲ. ಸ್ಟಂಪಿನ ಬಳಿ ಬನ್ನಿ, ಇಲ್ಲವೇ ಪೂರ್ತಿ ಹಿಂದೆ ಹೋಗಿ. ನಡುವೆ ಕೂರಬೇಡಿ.

ಸರಿ, ಹತ್ತಿರ ನಿಂತಾಗ ಅವನ ಕೈಗೆ ಚೆಂಡು ಯಾಕೆ ಸಿಗುತ್ತಿರಲಿಲ್ಲ? ಮರುದಿನ ನೆಟ್ಸ್‌ನಲ್ಲಿ ಪಕ್ಕದಿಂದ ಮೊಬೈಲ್‌ನಲ್ಲಿ ವಿಡಿಯೋ ಮಾಡಿದೆವು. ಚೆಂಡು ನೆಲ ಮುಟ್ಟುವ ಕ್ಷಣಕ್ಕೆ ನಿಲ್ಲಿಸಿ ನೋಡಿದರೆ, ಅವನ ಗ್ಲೌಸ್ ಆಗಲೇ ಸೊಂಟದ ಹತ್ತಿರ! ಬೌಲರ್ ಕೈ ಬಿಟ್ಟ ಕೂಡಲೇ ಇವನು ಎದ್ದುಬಿಡುತ್ತಿದ್ದ. ಕೆಳಗೆ ಬಂದ ಚೆಂಡೆಲ್ಲ ಕೈ ತಪ್ಪುತ್ತಿತ್ತು. ತಪ್ಪಿದ್ದಕ್ಕೆ ವೇಗವೇ ಕಾರಣ ಅಂದುಕೊಂಡು ಹಿಂದಕ್ಕೆ ಸರಿದಿದ್ದ. ಕಾರಣ ವೇಗವಲ್ಲ, ಅವನು ಎದ್ದದ್ದು. ನಿಮ್ಮ ಮನೆಯಲ್ಲೂ ಮೊಬೈಲ್ ಇದೆಯಲ್ಲ, ಇದೊಂದು ಪರೀಕ್ಷೆ ಮಾಡಿಕೊಳ್ಳಿ.

ಮುಂದಿನ ವಾರವೆಲ್ಲ ಒಂದೇ ಅಭ್ಯಾಸ. ಏಳೆಂಟು ಮೀಟರ್ ದೂರದಿಂದ ಒಬ್ಬರು ಚೆಂಡನ್ನು ನೆಲಕ್ಕೆ ಬಡಿದು ಎಸೆಯುವುದು, ನಾನು ಸ್ಟಂಪಿನ ಮುಂದೆ ನಿಂತು ಬ್ಯಾಟ್ ಬೀಸಿ ಬೇಕೆಂತಲೇ ತಪ್ಪಿಸುವುದು. ಕಣ್ಣ ಮುಂದೆ ಬ್ಯಾಟ್ ಹಾದಾಗಲೇ ಕೀಪರ್ ಬೆಚ್ಚಿ ಏಳುವುದು. ಬ್ಯಾಟ್ ಇಲ್ಲದೆ ಎಷ್ಟು ಚೆಂಡು ಹಿಡಿದರೂ ಆ ಅಭ್ಯಾಸ ಹೋಗುವುದಿಲ್ಲ. ಗ್ಲೌಸ್ ನೆಲ ಬಿಟ್ಟಿದ್ದು ಮುಂಚೆ ಅಂತ ಕಂಡರೆ, ಹಿಡಿದ ಚೆಂಡೂ ಲೆಕ್ಕಕ್ಕಿಲ್ಲ ಅಂದಿದ್ದೆ. ಮೊದಮೊದಲು ಮುಖ ಸಿಂಡರಿಸುತ್ತಿದ್ದ. ಆಮೇಲೆ ಚೆಂಡು ತಾನೇ ಅಂಗೈಗೆ ಬಂದು ಕೂರತೊಡಗಿತು.

ಆ ಬ್ಯಾಟ್ಸ್‌ಮನ್‌ನ ತಂಡದ ವಿರುದ್ಧವೇ ಮತ್ತೊಂದು ಪಂದ್ಯ, ಅದೇ ಬೌಲರ್, ಅದೇ ಬ್ಯಾಟ್ಸ್‌ಮನ್. ಈ ಸಲ ಹುಡುಗ ಸ್ಟಂಪಿನ ಬೆನ್ನಿಗೇ ಕೂತ. ಬ್ಯಾಟ್ಸ್‌ಮನ್ ಒಮ್ಮೆ ಹಿಂದಿರುಗಿ ನೋಡಿದ, ಕಾಲನ್ನು ಕ್ರೀಸಿನೊಳಗೆ ಎಳೆದುಕೊಂಡ. ಮುಂದಡಿಯಲ್ಲಿ ಆಡುತ್ತಿದ್ದ ಚೆಂಡುಗಳನ್ನು ಈಗ ನಿಂತಲ್ಲೇ ಆಡಬೇಕಾಯಿತು. ಎರಡನೇ ಓವರ್‌ನಲ್ಲಿ ಒಳಕ್ಕೆ ಬಂದ ಚೆಂಡು ಪ್ಯಾಡಿಗೆ ಬಡಿದು ಎಲ್‌ಬಿಡಬ್ಲ್ಯೂ. ಸ್ಕೋರ್‌ಕಾರ್ಡ್‌ನಲ್ಲಿ ಕೀಪರ್ ಹೆಸರು ಇಲ್ಲ, ಆದರೆ ಆ ವಿಕೆಟ್ ಅವನದ್ದು ಅಂತ ನಾನು ಇವತ್ತಿಗೂ ಹೇಳುತ್ತೇನೆ. ಹಿಂದಿನ ಕಾಲದ ಇಂಗ್ಲೆಂಡ್ ಕೀಪರ್ ಗಾಡ್‌ಫ್ರಿ ಇವಾನ್ಸ್, ಅಲೆಕ್ ಬೆಡ್ಸರ್ ಅವರಂಥ ಮಧ್ಯಮ ವೇಗದ ದೊಡ್ಡ ಬೌಲರ್‌ಗೇ ಸ್ಟಂಪಿನ ಬಳಿ ನಿಂತು ಹೆಸರಾದವರು. ನಮ್ಮ ಬೌಲರ್ ಸ್ಪೀಡು ಅನ್ನುವವರು ಅವರನ್ನು ನೆನೆಸಿಕೊಳ್ಳಿ.

ಕತೆಯೇ ಸಮಯ ನುಂಗಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಸ್ಟಂಪಿನ ಬಳಿ ಕೂರುವಾಗ, ಬಲಗೈ ಬ್ಯಾಟ್ಸ್‌ಮನ್ ಇದ್ದರೆ ನಿಮ್ಮ ಎಡಗಾಲು ನಡು ಸ್ಟಂಪಿನ ಹಿಂದೆ, ತಲೆ ಆಫ್ ಸ್ಟಂಪಿನಿಂದ ತುಸು ಆಚೆ ಇರಲಿ. ಅಲ್ಲಿಂದ ಬೌಲರ್ ಕೈಯಿಂದಲೇ ಚೆಂಡು ಕಾಣುತ್ತದೆ. ಕೈ ಚಾಚಿದರೆ ಬೇಲ್ಸ್ ಸಲೀಸಾಗಿ ಎಟಕುವಷ್ಟು ದೂರ ಸಾಕು. ಗ್ಲೌಸ್ ಮಾತ್ರ ಸ್ಟಂಪಿನ ಮುಂದಕ್ಕೆ ಹೋಗಬಾರದು. ಚೆಂಡು ಬ್ಯಾಟಿಗೋ ಬ್ಯಾಟ್ಸ್‌ಮನ್ ಮೈಗೋ ತಾಗುವ ಮುಂಚೆ, ಇಲ್ಲವೇ ಸ್ಟಂಪ್ ದಾಟುವ ಮುಂಚೆ ಮುಂದೆ ಹೋದರೆ ಅಂಪೈರ್ ನೋಬಾಲ್ ಕೊಡುತ್ತಾರೆ, ಸ್ಟಂಪಿಂಗ್ ಕೈಬಿಟ್ಟು ಹೋಗುತ್ತದೆ. ಲೆಗ್ ಕಡೆ ಹೋದ ಚೆಂಡಿಗೆ ಕೂತ ಮಟ್ಟದಲ್ಲೇ ಪಕ್ಕಕ್ಕೆ ಸರಿಯಿರಿ. ಅಲ್ಲೂ ಅದೇ ಮಾತು: ಎದ್ದು ಸರಿದರೆ ಚೆಂಡು ಕೆಳಗೆ ಹೋಗುತ್ತದೆ.

ಸ್ಪಿನ್ನರ್‌ಗೆ ಸ್ಟಂಪಿನ ಬಳಿ ಅನ್ನುವುದರಲ್ಲಿ ಚರ್ಚೆಯೇ ಬೇಡ. 1988ರಲ್ಲಿ ಮದ್ರಾಸಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ನರೇಂದ್ರ ಹಿರ್ವಾನಿ ಮೊದಲ ಟೆಸ್ಟ್‌ನಲ್ಲೇ 16 ವಿಕೆಟ್ ತೆಗೆದದ್ದು ಎಲ್ಲರಿಗೂ ನೆನಪಿದೆ. ಅದೇ ಪಂದ್ಯದಲ್ಲಿ ಕಿರಣ್ ಮೋರೆ 6 ಸ್ಟಂಪಿಂಗ್ ಮಾಡಿದ್ದನ್ನೂ ನೆನಪಿಡಿ.

ನಿಜವಾದ ವೇಗದ ಬೌಲರ್‌ಗೆ ಹಿಂದೆ ಹೋಗಿ. ಎಷ್ಟು ಹಿಂದೆ ಅಂತ ಹೆಜ್ಜೆ ಎಣಿಸಬೇಡಿ, ಪಿಚ್ ದಿನಕ್ಕೊಂದು ಥರ ಇರುತ್ತದೆ. ಮೊದಲ ಓವರ್‌ನಲ್ಲಿ ಚೆಂಡು ಎಲ್ಲಿ ಸಿಗುತ್ತಿದೆ ನೋಡಿ. ಏರಿದ ಚೆಂಡು ಇಳಿಯತೊಡಗಿ ಮೊಣಕಾಲಿಗೂ ಸೊಂಟಕ್ಕೂ ನಡುವೆ ಕೈ ಸೇರಿದರೆ ಜಾಗ ಸರಿ. ಎದೆಗೆ ಬರುತ್ತಿದ್ದರೆ ಹಿಂದೆ ಹೋಗಿ, ಪಾದದ ಬಳಿ ಸಾಯುತ್ತಿದ್ದರೆ ಮುಂದೆ ಬನ್ನಿ. ಸ್ಲಿಪ್‌ನವರು ನಿಮ್ಮನ್ನು ನೋಡಿಯೇ ನಿಲ್ಲುತ್ತಾರೆ, ನೀವು ತಪ್ಪಿದರೆ ಅವರೂ ತಪ್ಪುತ್ತಾರೆ.

ಕೊನೆಯದು ಹೆಲ್ಮೆಟ್. 2012ರ ಜುಲೈಯಲ್ಲಿ ಟಾಂಟನ್‌ನಲ್ಲಿ ದಕ್ಷಿಣ ಆಫ್ರಿಕಾದ ಮಾರ್ಕ್ ಬೌಚರ್ ಸ್ಪಿನ್ನರ್ ಇಮ್ರಾನ್ ತಾಹಿರ್‌ಗೆ ಸ್ಟಂಪಿನ ಬಳಿ, ಹೆಲ್ಮೆಟ್ ಇಲ್ಲದೆ ಕೂತಿದ್ದರು. ಬ್ಯಾಟ್ಸ್‌ಮನ್ ಬೌಲ್ಡ್ ಆದ, ಹಾರಿದ ಬೇಲ್ ಬೌಚರ್ ಅವರ ಎಡಗಣ್ಣಿಗೆ ಬಡಿಯಿತು. ಅವರ ಅಂತರರಾಷ್ಟ್ರೀಯ ಆಟ ಅಲ್ಲಿಗೇ ಮುಗಿಯಿತು. ಅದು ಪ್ರವಾಸದ ಅಭ್ಯಾಸ ಪಂದ್ಯ, ಬೌಲರ್ ಸ್ಪಿನ್ನರ್. ಆದ್ದರಿಂದ ನೆಟ್ಸ್ ಆದರೂ ಸರಿ, ನಿಧಾನದ ಬೌಲರ್ ಆದರೂ ಸರಿ, ಸ್ಟಂಪಿನ ಬೆನ್ನಿಗೆ ಕೂರುವ ಮುಂಚೆ ಹೆಲ್ಮೆಟ್ ಪಟ್ಟಿ ಬಿಗಿದುಕೊಳ್ಳಿ. ನಮಸ್ಕಾರ.