ಶುಕ್ರವಾರ ಮೂರೂವರೆಯಿಂದ ಸೋಮವಾರ ಒಂಬತ್ತೂಕಾಲರವರೆಗೆ

ಎಲ್ಲರಿಗೂ ನಮಸ್ಕಾರ.

ಮಂಗಳೂರು, ಉಡುಪಿಯಲ್ಲಿ ಈಗ ಟ್ರೇಡಿಂಗ್ ಮಾಡುವವರು ಕಡಿಮೆ ಏನಲ್ಲ. ದರ ಇಷ್ಟು ಇಳಿದರೆ ಮಾರಿ ಹೊರಬರಲು ಸ್ಟಾಪ್‌ಲಾಸ್ ಹಾಕಬೇಕು ಅನ್ನೋದು ಹೆಚ್ಚಿನವರಿಗೆ ಗೊತ್ತಿದೆ, ಹಾಕುತ್ತಾರೆ ಕೂಡ. ಆದರೆ ಮಾರ್ಕೆಟ್ ಮುಚ್ಚಿರುವಾಗ ಆ ಸ್ಟಾಪ್‌ಲಾಸ್ ಏನಾಗುತ್ತದೆ ಎಂದು ಕೇಳಿದರೆ ಉತ್ತರ ಸರಿಯಾಗಿ ಬರುವುದಿಲ್ಲ. ಇವತ್ತು ಅದೊಂದೇ ವಿಷಯ ಮಾತಾಡುತ್ತೇನೆ. ಅದಕ್ಕೆ ಒಂದೇ ವಾರಾಂತ್ಯವನ್ನು ಹತ್ತಿರದಿಂದ ನೋಡೋಣ.

2025ರ ಏಪ್ರಿಲ್ 4, ಶುಕ್ರವಾರ. ಎರಡು ದಿನದ ಹಿಂದಷ್ಟೇ ಟ್ರಂಪ್ ಹೆಚ್ಚುಕಡಿಮೆ ಎಲ್ಲ ದೇಶಗಳ ಮೇಲೂ ಸುಂಕ ಘೋಷಿಸಿದ್ದರು. ಆ ದಿನ ನಿಫ್ಟಿ 345 ಅಂಕ ಬಿದ್ದು 22,904ರಲ್ಲಿ ಮುಚ್ಚಿತು. ಇಷ್ಟು ಬಿದ್ದಿದೆ, ಇನ್ನು ಏಳುತ್ತದೆ ಎಂದು ಒಬ್ಬರು ಮುಚ್ಚುವ ಹೊತ್ತಿಗೆ ಒಂದು ಲಾಟ್ ನಿಫ್ಟಿ ಫ್ಯೂಚರ್ಸ್ ಕೊಂಡರು ಎಂದಿಟ್ಟುಕೊಳ್ಳಿ. ಆಗ ಲಾಟ್ ಎಂದರೆ 75. ಖಾತೆಯಲ್ಲಿ ಇರುವುದು 5 ಲಕ್ಷ. ಸ್ಟಾಪ್‌ಲಾಸ್ 150 ಅಂಕ ಕೆಳಗೆ. ಹೋದರೆ 11,250 ರೂಪಾಯಿ ಹೋಗುತ್ತದೆ ಅನ್ನೋದು ಅವರ ಲೆಕ್ಕ. ಹಗಲಿನ ಮಟ್ಟಿಗೆ ಇದು ಒಳ್ಳೆಯ ಲೆಕ್ಕವೇ.

ನಮ್ಮ ಮಾರ್ಕೆಟ್ ಮೂರೂವರೆಗೆ ಮುಚ್ಚಿತು. ಸಂಜೆಗೆ ಚೀನಾ ತಿರುಗಿ ಅಮೆರಿಕದ ಸರಕಿನ ಮೇಲೆ ಶೇ. 34 ಸುಂಕ ಹೇರಿದ ಸುದ್ದಿ ಹರಡಿತು. ರಾತ್ರಿ ಅಮೆರಿಕದ ಎಸ್ ಅಂಡ್ ಪಿ 500 ಸುಮಾರು ಶೇ. 6 ಕುಸಿಯಿತು. ಗುಜರಾತಿನ ಗಿಫ್ಟ್ ಸಿಟಿಯ ಎಕ್ಸ್‌ಚೇಂಜ್‌ನಲ್ಲಿರುವ ಗಿಫ್ಟ್ ನಿಫ್ಟಿ ತಡರಾತ್ರಿಯವರೆಗೂ ನಡೆಯುತ್ತದೆ, ಮೊಬೈಲಿನಲ್ಲಿ ನೋಡಬಹುದು. ಆದರೆ ಇಲ್ಲಿನ ನಮ್ಮ ಟ್ರೇಡಿಂಗ್ ಖಾತೆಯಿಂದ ಅಲ್ಲಿ ಮಾರಿ ಹೊರಬರಲು ಆಗುವುದಿಲ್ಲ. ಶನಿವಾರ, ಭಾನುವಾರ ಸುಮ್ನೆ ನೋಡುತ್ತಾ ಕೂರಬೇಕು ಅಷ್ಟೇ.

ಸೋಮವಾರ, ಏಪ್ರಿಲ್ 7. ನಿಫ್ಟಿ ತೆರೆದದ್ದು 21,758ರಲ್ಲಿ. ಶುಕ್ರವಾರ ಮುಚ್ಚಿದ್ದಕ್ಕಿಂತ 1,146 ಅಂಕ ಕೆಳಗೆ. ಫ್ಯೂಚರ್ಸ್ ದರದಲ್ಲಿ ಸ್ವಲ್ಪ ಆಚೀಚೆ ಇರುತ್ತದೆ, ನಾವು ಸೂಚ್ಯಂಕದ ಲೆಕ್ಕದಲ್ಲೇ ಹೋಗೋಣ. 1,146 ಇಂಟು 75, ಅಂದರೆ 85,950 ರೂಪಾಯಿ. ಅಂದುಕೊಂಡ ನಷ್ಟದ ಏಳು ಪಟ್ಟಿಗಿಂತ ಜಾಸ್ತಿ. ಐದು ಲಕ್ಷದಲ್ಲಿ ಶೇ. 17, ಒಂದೇ ಬೆಳಿಗ್ಗೆ ಹೋಯಿತು.

ಹಾಗಾದರೆ ಸ್ಟಾಪ್‌ಲಾಸ್ ಎಲ್ಲಿ ಹೋಯಿತು? ಸ್ಟಾಪ್‌ಲಾಸ್ ಅನ್ನೋದು ಒಂದು ಆರ್ಡರ್. ಆ ದರದಲ್ಲಿ ಕೊಳ್ಳುವವರು ಇದ್ದರೆ ಮಾತ್ರ ಅದು ನಡೆಯುತ್ತದೆ. ಶುಕ್ರವಾರ ಮುಚ್ಚಿದ 22,904ರಿಂದ ಸೋಮವಾರ ತೆರೆದ 21,758ಕ್ಕೆ ನೇರ ಜಿಗಿತ, ನಡುವಿನ ದರಗಳಲ್ಲಿ ಇಳಿಯುವಾಗ ಒಂದೂ ವ್ಯವಹಾರ ಆಗಲಿಲ್ಲ. ನಿಮ್ಮ 22,754 ಅನ್ನೋ ದರ ಮಾರ್ಕೆಟ್‌ನಲ್ಲಿ ಬರಲೇ ಇಲ್ಲ. ಇದನ್ನೇ ಗ್ಯಾಪ್ ಎನ್ನುವುದು. ಇನ್ನೊಂದು ವಿಷಯವೂ ಇದೆ. ಮಾಮೂಲಿ ಸ್ಟಾಪ್‌ಲಾಸ್ ಆರ್ಡರ್ ಆ ದಿನದ ಮಟ್ಟಿಗೆ ಮಾತ್ರ, ಮಾರ್ಕೆಟ್ ಮುಚ್ಚಿದಾಗ ತಾನಾಗಿ ರದ್ದಾಗುತ್ತದೆ. ದಿನ ಮುಗಿದರೂ ರದ್ದಾಗದ ಜಿಟಿಟಿ ಆರ್ಡರ್ ಹಾಕಿದ್ದೇನಲ್ಲ ಎನ್ನಬಹುದು. ಅದು ಉಳಿಯುತ್ತದೆ ನಿಜ. ಆದರೆ ಟ್ರಿಗರ್ ಆದ ಮೇಲೆ ಅದು ಸಾಮಾನ್ಯವಾಗಿ ಲಿಮಿಟ್ ಆರ್ಡರ್ ಕಳಿಸುತ್ತದೆ. ಒಂದು ಷೇರಿಗೆ ಟ್ರಿಗರ್ 800, ಲಿಮಿಟ್ 795 ಕೊಟ್ಟಿದ್ದೀರಿ, ಷೇರು 720ರಲ್ಲಿ ತೆರೆಯಿತು. ಆಗ 795ಕ್ಕೆ ಮಾರುವ ನಿಮ್ಮ ಆರ್ಡರ್ ಸುಮ್ನೆ ಮೇಲೆ ನಿಂತಿರುತ್ತದೆ. ಷೇರು ಕೆಳಗೆ ಹೋಗುತ್ತಲೇ ಇರುತ್ತದೆ. ಆರ್ಡರ್ ಬುಕ್ಕಿನಲ್ಲಿ ‘ಓಪನ್’ ಅಂತ ತೋರಿಸುತ್ತಿದ್ದರೆ ನೀವು ಇನ್ನೂ ಹೊರಗೆ ಬಂದಿಲ್ಲ ಎಂದರ್ಥ. ಟ್ರಿಗರ್ ಆಯಿತು ಅನ್ನೋ ಮೆಸೇಜ್ ನೋಡಿ ನಿರಾಳವಾಗಬೇಡಿ.

ವಿಟ್ಲಪಿಂಡಿ ದಿನ ಉಡುಪಿಯಲ್ಲಿ ನಮಗೆ ರಜೆ ಇರಬಹುದು, ಮುಂಬಯಿಯಲ್ಲಿ ಮಾರ್ಕೆಟ್ ನಡೆಯುತ್ತಿರಬಹುದು. ಅದು ಈ ಅಪಾಯ ಅಲ್ಲ. ನೀವು ರಥಬೀದಿಯಲ್ಲಿದ್ದರೂ ಬೆಳಿಗ್ಗೆ ಹಾಕಿದ ಸ್ಟಾಪ್‌ಲಾಸ್ ಕೆಲಸ ಮಾಡುತ್ತಿರುತ್ತದೆ. ನಾನು ಹೇಳುತ್ತಿರುವುದು ಎಕ್ಸ್‌ಚೇಂಜ್ ಮುಚ್ಚಿರುವ, ಜಗತ್ತು ಮಾತ್ರ ನಡೆಯುತ್ತಿರುವ ಹೊತ್ತಿನ ಬಗ್ಗೆ.

ಈಗ ಸೈಜ್ ಲೆಕ್ಕಕ್ಕೆ ಬರೋಣ. ಒಂದು ಟ್ರೇಡ್‌ನಲ್ಲಿ ಬಂಡವಾಳದ ಶೇ. 2, ಅಂದರೆ 5 ಲಕ್ಷಕ್ಕೆ 10,000 ಕಳೆದುಕೊಳ್ಳಲು ತಯಾರಿದ್ದೀರಿ ಅನ್ನಿ. ಹಗಲಲ್ಲಿ 150 ಅಂಕದ ಸ್ಟಾಪ್ ಅಂದರೆ ಸುಮಾರು ಶೇ. 0.65. ಆ ಲೆಕ್ಕಕ್ಕೆ 15 ಲಕ್ಷ ಮೌಲ್ಯದ ಪೊಸಿಷನ್ ಇಟ್ಟುಕೊಳ್ಳಬಹುದು. ರಾತ್ರಿಗೆ ಸ್ಟಾಪ್ ಇಲ್ಲ, ಗ್ಯಾಪ್ ಮಾತ್ರ ಇದೆ. ನಿಫ್ಟಿಗೆ ಶೇ. 5 ಗ್ಯಾಪ್ ಆಗಬಲ್ಲದು ಎಂದು ಆ ಸೋಮವಾರವೇ ತೋರಿಸಿದೆ. 10,000ಕ್ಕೆ ಶೇ. 5ರ ಲೆಕ್ಕ ಹಾಕಿದರೆ ಪೊಸಿಷನ್ 2 ಲಕ್ಷ. ಹದಿನೈದೆಲ್ಲಿ, ಎರಡೆಲ್ಲಿ! ಇದು ಹಿಡಿಸದ ಲೆಕ್ಕ ಅಂತ ನನಗೆ ಗೊತ್ತು. ಆದರೂ ಪೊಸಿಷನ್ ಮರುದಿನಕ್ಕೆ ಕ್ಯಾರಿ ಮಾಡುವಾಗ ಹಾಕಬೇಕಾದದ್ದು ಇದೇ ಲೆಕ್ಕ ಎಂದು ನಾನು ಖಂಡಿತವಾಗಿ ನಂಬಿದ್ದೇನೆ.

ತೊಂದರೆ ಏನೆಂದರೆ ಫ್ಯೂಚರ್ಸ್‌ನಲ್ಲಿ ಅರ್ಧ ಲಾಟ್ ಇಲ್ಲ. ಆ ಒಂದು ಲಾಟ್‌ನ ಮೌಲ್ಯವೇ 17 ಲಕ್ಷ ದಾಟುತ್ತಿತ್ತು. ಹಾಗಾಗಿ ಸಣ್ಣ ಖಾತೆಯವರು ಶುಕ್ರವಾರ ಲಾಟ್ ಬಿಟ್ಟು, ಬೇಕಿದ್ದರೆ 2 ಲಕ್ಷದ ನಿಫ್ಟಿ ಇಟಿಎಫ್ ಇಟ್ಟುಕೊಳ್ಳಬಹುದು. ಇಲ್ಲವೇ ಲಾಟ್ ಜೊತೆ ಒಂದು ಪುಟ್ ಕೊಳ್ಳಬಹುದು. 22,500ರ ಪುಟ್ ಇದ್ದರೆ ಅದರ ಎಕ್ಸ್‌ಪೈರಿವರೆಗೆ ಮೊದಲ 400 ಅಂಕ, ಅಂದರೆ ಸುಮಾರು 30,000 ಮತ್ತು ಕೊಟ್ಟ ಪ್ರೀಮಿಯಂ ನಿಮ್ಮದು. ಅದರಾಚೆ ಬಿದ್ದದ್ದನ್ನು ಪುಟ್ ತುಂಬಿಕೊಡುತ್ತದೆ. ಆದರೆ ಎಲ್ಲರೂ ಹೆದರಿರುವ ಶುಕ್ರವಾರ ಪ್ರೀಮಿಯಂ ದುಬಾರಿ ಇರುತ್ತದೆ. ಸೋಮವಾರ ಏನೂ ಆಗದಿದ್ದರೆ ಅದರಲ್ಲಿ ಒಂದು ಭಾಗ ಕರಗಿಹೋಗುತ್ತದೆ. ಲಾಭದ ಆಸೆಗಿಂತ ಪ್ರೀಮಿಯಂ ಹೆಚ್ಚಾಗಿ ಕಂಡರೆ, ಆ ಪೊಸಿಷನ್ ಕ್ಯಾರಿ ಮಾಡುವುದೇ ಬೇಡ.

ಒಂದೊಂದೇ ಷೇರು ಹಿಡಿದವರಿಗೆ ಶೇ. 5 ಸಾಲದು, ಶೇ. 10 ಇಟ್ಟುಕೊಳ್ಳಿ. 2024ರ ಏಪ್ರಿಲ್ 24ರ ಸಂಜೆ ಕೋಟಕ್ ಮಹೀಂದ್ರ ಬ್ಯಾಂಕ್ ಆನ್‌ಲೈನ್ ಮೂಲಕ ಹೊಸ ಗ್ರಾಹಕರನ್ನು ಸೇರಿಸಬಾರದು ಎಂದು ರಿಸರ್ವ್ ಬ್ಯಾಂಕ್ ಆದೇಶಿಸಿತು. ಮರುದಿನ ಷೇರು ಶೇ. 10ಕ್ಕಿಂತ ಹೆಚ್ಚು ಬಿತ್ತು. ನಮ್ಮೂರಿನ ಕರ್ಣಾಟಕ ಬ್ಯಾಂಕಿನದ್ದೇ ನೋಡಿ. 2025ರ ಜೂನ್ 29ರಂದು ಆಡಳಿತ ನಿರ್ದೇಶಕರ ರಾಜೀನಾಮೆ ಸುದ್ದಿ ಬಂತು. ಅಂದು ಭಾನುವಾರ! ಸೋಮವಾರ ಷೇರು ಕುಸಿಯಿತು. ಈ ಎರಡರ ದಿನಾಂಕವೂ ಯಾವ ಕ್ಯಾಲೆಂಡರಿನಲ್ಲೂ ಇರಲಿಲ್ಲ. ದಿನಕ್ಕೆ ಶೇ. 5ಕ್ಕಿಂತ ಹೆಚ್ಚು ಏರಿಳಿಯಲು ಬಿಡದ ಸರ್ಕಿಟ್ ಇರುವ ಸಣ್ಣ ಷೇರುಗಳು ಇನ್ನೂ ಕಷ್ಟ. ಲೋವರ್ ಸರ್ಕಿಟ್‌ನಲ್ಲಿ ಕೊಳ್ಳುವವರೇ ಇಲ್ಲದಿದ್ದರೆ, ನಷ್ಟ ಒಪ್ಪಿದರೂ ಹೊರಬರಲು ಆಗುವುದಿಲ್ಲ. ದೀರ್ಘ ರಜೆಗೆ ಮುಂಚೆ ಕಡಿಮೆ ಮಾಡುವುದಾದರೆ ಇವುಗಳಿಂದಲೇ ಶುರುಮಾಡಿ.

ಇನ್ನು, ಹಾಗಾದರೆ ರಜೆಗೆ ಮುಂಚೆ ಎಲ್ಲವನ್ನೂ ಮಾರಿಬಿಡೋಣವೇ ಅಂತ ಕೇಳುತ್ತೀರಿ ಅಲ್ವಾ? ನಾನು ಹಾಗೆ ಹೇಳುವುದಿಲ್ಲ. ಗ್ಯಾಪ್ ಮೇಲಕ್ಕೂ ಆಗುತ್ತದೆ. ಅದೇ 2025ರ ಏಪ್ರಿಲ್ 11ರಂದು, ಶುಕ್ರವಾರ, ನಿಫ್ಟಿ 22,828ರಲ್ಲಿ ಮುಚ್ಚಿತ್ತು. ಸೋಮವಾರ ಅಂಬೇಡ್ಕರ್ ಜಯಂತಿ ರಜೆ. ನಡುವೆ ಅಮೆರಿಕ ಫೋನು, ಕಂಪ್ಯೂಟರ್‌ಗಳಿಗೆ ಸುಂಕದಲ್ಲಿ ವಿನಾಯಿತಿ ಕೊಟ್ಟಿತು. ಮಂಗಳವಾರ 23,368ರಲ್ಲಿ, ಅಂದರೆ 540 ಅಂಕ ಮೇಲೆ ತೆರೆಯಿತು. ಹಿಂದಿನ ವಾರದ ಏಟಿಗೆ ಹೆದರಿ, ಬಿದ್ದರೆ ಲಾಭ ಎಂದು ಶಾರ್ಟ್ ಹಿಡಿದು ಮನೆಗೆ ಹೋದವರಿಗೆ ಈ ಬಾರಿ ಪೆಟ್ಟು. ಯಾವ ಕಡೆಗೆ ಎಂದು ಶುಕ್ರವಾರ ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕೇ ದಿಕ್ಕು ಬದಲಿಸುವುದಲ್ಲ, ಸೈಜ್ ಇಳಿಸುವುದು.

ಇಳಿಸುವುದಕ್ಕೂ ಹೊತ್ತು ನೋಡಿ. ಮೂರು ಇಪ್ಪತ್ತೈದಕ್ಕೆ ಗಡಿಬಿಡಿ ಮಾಡಬೇಡಿ, ಎರಡೂವರೆಗೇ ಶುರುಮಾಡಿ. ಮತ್ತೆ ಏರಿಸುವಾಗ ತೆರೆದ ಕೂಡಲೇ ಹೋಗಬೇಡಿ. ಏಪ್ರಿಲ್ 7ರಂದು 21,758ರಲ್ಲಿ ತೆರೆದ ನಿಫ್ಟಿ ಸಂಜೆ 22,161ರಲ್ಲಿ ಮುಚ್ಚಿತು. ಸಣ್ಣ ಪೊಸಿಷನ್ ಇದ್ದವರು ಆ ಬೆಳಿಗ್ಗೆ ಕಾಯಬಲ್ಲವರಾಗಿದ್ದರು. ಒಂದು ಲಾಟ್ ಹಿಡಿದ ಐದು ಲಕ್ಷದ ಖಾತೆಗೆ ಇನ್ನಷ್ಟು ಹಣ ಹಾಕಿ ಎಂಬ ಮಾರ್ಜಿನ್ ಕಾಲ್ ಬಂದಿದ್ದರೆ ಕಾಯುವ ಅವಕಾಶವೂ ಉಳಿಯುತ್ತಿರಲಿಲ್ಲ.

ಈಗ ನಿಮ್ಮ ಪ್ರಶ್ನೆಗಳಿಗೆ ಬರೋಣ. ನಿಮ್ಮ ಹತ್ತಿರ ಈಗ ಕ್ಯಾರಿ ಇರುವ ಪೊಸಿಷನ್ ಇದ್ದರೆ ಅದನ್ನೇ ಹೇಳಿ, ಇಲ್ಲೇ ಬೋರ್ಡಿನ ಮೇಲೆ ಲೆಕ್ಕ ಹಾಕೋಣ.