ಸ್ಕ್ಯಾನರ್ ಮೆಷೀನು ಅಂಕಿ ಬದಲಾಯಿಸಿಬಿಟ್ರೆ

ನಮಸ್ಕಾರ. 2013ರ ಜುಲೈನಲ್ಲಿ ಜರ್ಮನಿಯ ಒಂದು ಕಂಪನಿಯವರು ಕಟ್ಟಡದ ಪ್ಲಾನ್ ಒಂದನ್ನ ಝೆರಾಕ್ಸ್ ವರ್ಕ್‌ಸೆಂಟರ್ ಮೆಷೀನಲ್ಲಿ ಸ್ಕ್ಯಾನ್ ಮಾಡಿದ್ರು. ಕಾಗದದ ಮೇಲೆ ಮೂರು ರೂಮಿನ ವಿಸ್ತೀರ್ಣ ಬರ್ದಿತ್ತು, 14.13, 21.11, 17.42 ಚದರ ಮೀಟರ್ ಅಂತ. ಸ್ಕ್ಯಾನ್ ಆಗಿ ಬಂದ ಪ್ರತೀಲಿ ನೋಡಿದ್ರೆ ಮೂರೂ ರೂಮು 14.13! ಅದೂ ಮಸುಕು ಮಸುಕಾಗಿ ಅಲ್ಲ, ಪ್ರಿಂಟ್ ಹೊಡೆದಷ್ಟು ಸ್ಪಷ್ಟವಾಗಿ. ದೊಡ್ಡ ರೂಮಿಗೂ ಪಕ್ಕದ ಚಿಕ್ಕ ರೂಮಿಗೂ ಒಂದೇ ಅಳತೆ ಇದ್ದಿದ್ರಿಂದ ಕಣ್ಣಿಗೆ ಬಿತ್ತು ಅಷ್ಟೇ, ಇಲ್ದಿದ್ರೆ ಯಾರು ನೋಡ್ತಿದ್ರು. ಡೇವಿಡ್ ಕ್ರೀಸೆಲ್ ಅನ್ನೋ ಕಂಪ್ಯೂಟರ್ ತಜ್ಞರು ಇದನ್ನ ಬೆನ್ನು ಹತ್ತಿದ್ರು. ಖರ್ಚಿನ ಪಟ್ಟಿ ಒಂದನ್ನ ಹಾಕಿ ನೋಡಿದ್ರೆ ಅಲ್ಲಿ 65 ಇದ್ದದ್ದು 85 ಆಗಿತ್ತು.

ಎಲ್ರೂ ಮೊದಲು ಅನುಮಾನ ಪಡೋದು ಓಸಿಆರ್ ಮೇಲೆ, ಅಂದ್ರೆ ಚಿತ್ರದಿಂದ ಅಕ್ಷರ ಓದೋ ಸಾಫ್ಟ್‌ವೇರ್ ಮೇಲೆ. ಇಲ್ಲಿ ಓಸಿಆರ್ ಆನ್ ಮಾಡಿರ್ಲೇ ಇಲ್ಲ, ಬದಲಾಗಿದ್ದು ಚಿತ್ರಾನೇ. ಕಾರಣ ಜೆಬಿಗ್2 ಅನ್ನೋ ಕಂಪ್ರೆಷನ್, ಅಂದ್ರೆ ಫೈಲನ್ನ ಚಿಕ್ಕದು ಮಾಡೋ ವಿಧಾನ.

ಕಪ್ಪು ಬಿಳುಪು ಪುಟದಲ್ಲಿ ಒಂದೇ ಅಕ್ಷರ ನೂರಾರು ಸಲ ಬರುತ್ತಲ್ಲ, ಪ್ರತಿ ಸಲಾನೂ ಅದರ ಚುಕ್ಕಿಗಳನ್ನೆಲ್ಲ ಯಾಕೆ ಸೇವ್ ಮಾಡ್ಬೇಕು ಅಂತ ಈ ವಿಧಾನ ಪುಟವನ್ನ ಸಣ್ಣ ಸಣ್ಣ ಆಕಾರಗಳಾಗಿ ಕತ್ತರಿಸುತ್ತೆ, ಒಂದು ಆಕಾರ ಈಗಾಗ್ಲೇ ಪಟ್ಟಿಯಲ್ಲಿರೋ ಇನ್ನೊಂದಕ್ಕೆ ಸಾಕಷ್ಟು ಹೋಲುತ್ತೆ ಅನ್ನಿಸಿದ್ರೆ ಹೊಸದನ್ನ ಎಸೆದು, "ಈ ಜಾಗದಲ್ಲಿ ಆ ಹಳೇದನ್ನೇ ಇಡು" ಅಂತ ಬರ್ಕೊಳುತ್ತೆ. ಹಳೇ ಪ್ರೆಸ್‌ನಲ್ಲಿ ಅಚ್ಚುಮೊಳೆ ಜೋಡಿಸ್ತಿದ್ರಲ್ಲ, ಹಾಗೇ, ಆದ್ರೆ ಇಲ್ಲಿ ಮೊಳೆ ಆರಿಸೋರಿಗೆ ಓದೋಕೆ ಬರಲ್ಲ. "ಸಾಕಷ್ಟು" ಅನ್ನೋದು ಎಷ್ಟು, ಎಡವಟ್ಟಾಗೋದೆಲ್ಲ ಅಲ್ಲೇ.

ಲೆಕ್ಕ ಹಾಕಿ ನೋಡಿ. 7 ಪಾಯಿಂಟ್ ಅಕ್ಷರವನ್ನ 200 ಡಿಪಿಐನಲ್ಲಿ, ಅಂದ್ರೆ ಇಂಚಿಗೆ 200 ಚುಕ್ಕಿಯಂತೆ, ಸ್ಕ್ಯಾನ್ ಮಾಡಿದ್ರೆ ಒಂದು ಅಂಕಿಯ ಎತ್ತರ ಹೆಚ್ಚುಕಮ್ಮಿ 14 ಚುಕ್ಕಿ. 6ಕ್ಕೂ 8ಕ್ಕೂ ಇರೋ ವ್ಯತ್ಯಾಸ ಬಲಗಡೆ ಮೇಲಿನ ಆ ಸಣ್ಣ ಸಂದು, ಅದು ಎರಡು ಮೂರು ಚುಕ್ಕಿ ಇದ್ರೆ ಹೆಚ್ಚು. ಕಾಗದದ ಧೂಳು, ಇಂಕು ಹರಡಿದ್ದು, ಇವೂ ಅಷ್ಟೇ ಚುಕ್ಕಿ ಆಚೀಚೆ ಮಾಡ್ತವೆ. ಮೆಷೀನಿಗೆ ಸಂದು ಯಾವ್ದು ಧೂಳು ಯಾವ್ದು ಅಂತ ಹೇಗೆ ಗೊತ್ತಾಗ್ಬೇಕು? ನಮ್ಮ ಕನ್ನಡದಲ್ಲೂ ದ ಮತ್ತು ಧ, ಡ ಮತ್ತು ಢ, ಇವಕ್ಕೆ ಇರೋದು ಕೆಳಗಿನ ಒಂದು ಪುಟ್ಟ ಸೀಳು, ಚಿಕ್ಕ ಅಚ್ಚಿನಲ್ಲಿ ಇವಕ್ಕೂ ಅದೇ ಗತಿ. ಕೈಬರಹಕ್ಕೆ ಈ ಭಯ ಕಮ್ಮಿ, ಒಂದೇ ಅಕ್ಷರಾನ ಯಾರೂ ಎರಡು ಸಲ ಒಂದೇ ಥರ ಬರೆಯಲ್ವಲ್ಲ.

ನನ್ ಪ್ರಕಾರ ಜೆಪೆಗ್‌ಗಿಂತ ಇದು ಅಪಾಯ. ಜೆಪೆಗ್ ಕೆಟ್ರೆ ಅಕ್ಷರ ಕಲಸಿಹೋಗುತ್ತೆ, ಓದೋಕಾಗ್ತಿಲ್ಲ ಅಂತ ನಮಗೇ ತಿಳಿಯುತ್ತೆ. ಇದು ಕೆಟ್ರೆ ಅಂದವಾಗೇ ಕಾಣುತ್ತೆ.

ಝೆರಾಕ್ಸ್ ಕಂಪನಿಯವರು ಮೊದಲು, "ನಾರ್ಮಲ್" ಕ್ವಾಲಿಟಿ ಇಟ್ರೆ ಮಾತ್ರ ಹೀಗಾಗುತ್ತೆ, ಫ್ಯಾಕ್ಟರಿ ಸೆಟ್ಟಿಂಗ್‌ನಲ್ಲಿ ಆಗಲ್ಲ ಅಂದ್ರು. ಕ್ರೀಸೆಲ್ ಅದಕ್ಕಿಂತ ಮೇಲಿನ ಕ್ವಾಲಿಟಿ ಸೆಟ್ಟಿಂಗ್‌ನಲ್ಲೂ ಆಗುತ್ತೆ ಅಂತ ತೋರ್ಸಿದ ಮೇಲೆ ಸಾಫ್ಟ್‌ವೇರ್ ದೋಷ ಇದೆ ಅಂತ ಒಪ್ಕೊಂಡು ಆಗಸ್ಟ್‌ನಲ್ಲೇ ಪ್ಯಾಚ್ ಬಿಟ್ರು. ಅಷ್ಟರೊಳಗೆ ವರ್ಷಗಟ್ಟಲೆ ಸ್ಕ್ಯಾನ್ ಆಗಿದ್ದವಕ್ಕೆ ಪ್ಯಾಚ್ ಏನು ಮಾಡೋಕಾಗುತ್ತೆ, ಎಸೆದ ಚುಕ್ಕಿ ಫೈಲಲ್ಲಿ ಇಲ್ಲವೇ ಇಲ್ಲ.

ಹಾಗಂತ ಜೆಬಿಗ್2 ಪೂರ್ತಿ ಕೆಟ್ಟದ್ದು ಅಂತಲ್ಲ. ಅದ್ರಲ್ಲೇ ಒಂದು ಚುಕ್ಕೀನೂ ಕಳೀದ ಲಾಸ್‌ಲೆಸ್ ವಿಧಾನ ಇದೆ, ಹಳೇ ಫ್ಯಾಕ್ಸ್ ಕಾಲದ ಗ್ರೂಪ್ 4 ಕೂಡ ಲಾಸ್‌ಲೆಸ್, ಫೈಲು ಸ್ವಲ್ಪ ದಪ್ಪ ಆಗುತ್ತೆ ಅಷ್ಟೇ. ಕಾಗದ ಕಪಾಟಲ್ಲೇ ಇರುತ್ತೆ, ಸುಮ್ನೆ ಓದೋಕೆ ಕಾದಂಬರಿ ಸ್ಕ್ಯಾನ್ ಮಾಡ್ತೀರಾ, ಆಕಾರ ಬದಲಿಸೋ ವಿಧಾನ ಇದ್ರೂ ನಡೆಯುತ್ತೆ. ಪಹಣಿ, ಕ್ರಯಪತ್ರ, ಬಿಲ್ಲು, ಔಷಧಿಯ ಡೋಸ್ ಚೀಟಿ, ಎಂಜಿನಿಯರ್ ಪ್ಲಾನು, ಅದರಲ್ಲೂ ಸ್ಕ್ಯಾನ್ ಆದ್ಮೇಲೆ ಕಾಗದ ವಿಲೇವಾರಿ ಮಾಡೋದಿದ್ರೆ, ಬೇಡವೇ ಬೇಡ. ಸರ್ವೆ ನಂಬರ್ 66 ಹೋಗಿ 86 ಆದ್ರೆ ವಾಕ್ಯ ನೋಡಿ ತಿದ್ದೋ ಹಾಗಿಲ್ಲ, ಎರಡೂ ಸರಿಯಾದ ನಂಬರೇ. 2015ರಲ್ಲಿ ಜರ್ಮನಿಯ ಮಾಹಿತಿ ಭದ್ರತಾ ಇಲಾಖೆ ತನ್ನ ಸ್ಕ್ಯಾನಿಂಗ್ ನಿಯಮಗಳಲ್ಲಿ ಈ ಆಕಾರ ಬದಲಿಸೋ ವಿಧಾನ ಬಳಸಬಾರದು ಅಂತ ಸೇರ್ಸಿತು.

ನಿಮ್ ಹತ್ರ ಇರೋ ಪಿಡಿಎಫ್ ಬಗ್ಗೆ ಅನುಮಾನ ಇದ್ರೆ, pdfimages ಅನ್ನೋ ಉಚಿತ ಟೂಲಿಗೆ -list ಸೇರಿಸಿ ಓಡ್ಸಿದ್ರೆ ಯಾವ ಕಂಪ್ರೆಷನ್ ಅಂತ ತೋರ್ಸುತ್ತೆ. jbig2 ಅಂತ ಬಂದ್ರೂ ಅದು ಲಾಸ್‌ಲೆಸ್ಸೋ ಅಲ್ವೋ ಅಂತ ಹೇಳಲ್ಲ, ಆಗ ಪುಟವನ್ನ ಪೂರ್ತಿ ಝೂಮ್ ಮಾಡಿ ಒಂದು ಸಾಲಿನ ನಾಲ್ಕೈದು 8ಗಳನ್ನ ಪಕ್ಕಪಕ್ಕ ನೋಡಿ. ನಿಜವಾದ ಸ್ಕ್ಯಾನಲ್ಲಿ ಯಾವ ಎರಡು 8ರ ಅಂಚೂ ಒಂದೇ ಥರ ಇರಲ್ಲ. ಎಲ್ಲವೂ ಚುಕ್ಕಿಗೆ ಚುಕ್ಕಿ ಒಂದೇ ಇದ್ರೆ ಆಕಾರ ಮರುಬಳಕೆ ಆಗಿದೆ ಅಂತ ಅರ್ಥ, ಕಾಗದ ಇನ್ನೂ ಇದ್ರೆ ಇವತ್ತೇ ಮತ್ತೆ ಸ್ಕ್ಯಾನ್ ಮಾಡಿ, 300 ಡಿಪಿಐ, ಲಾಸ್‌ಲೆಸ್.