ನೋಡಿದವರು ಬೇರೆ ಡಾಕ್ಟರ ಹತ್ತಿರ ಹೋದರೂ ಸರಿ
(ಕೋಲಾರದಲ್ಲಿ ಕ್ಲಿನಿಕ್ ನಡೆಸುವ ವೈದ್ಯರ ಮುಂದೆ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ.

ಯೂಟ್ಯೂಬ್ ಚಾನೆಲ್ ಶುರು ಮಾಡಬೇಕು ಅಂತ ನಿಮ್ಮಲ್ಲಿ ಅನೇಕರು ಕೇಳಿದ್ದೀರಿ. ಜೊತೆಗೇ ಒಂದು ಭಯವೂ ಇದೆ, ಅದು ಜಾಹೀರಾತು ಆಗಿಬಿಟ್ಟರೆ? ಭಯ ಸರಿಯಾದದ್ದೇ. ವೈದ್ಯರ ನಡತೆಯ ಬಗ್ಗೆ 2023ರ ಆಗಸ್ಟ್‌ನಲ್ಲಿ ಬಂದ ಹೊಸ ನಿಯಮಗಳನ್ನು ಅದೇ ತಿಂಗಳು ತಡೆಹಿಡಿದರು. ಹಾಗಾಗಿ ನಮಗೆ ಅನ್ವಯಿಸುವುದು 2002ರ ನಿಯಮಾವಳಿಯೇ. ಆರೋಗ್ಯದ ಬಗ್ಗೆ ಜನರಿಗೆ ತಿಳಿಸುವುದಕ್ಕೆ ಅದು ಅಡ್ಡ ಬರುವುದಿಲ್ಲ. ರೋಗಿಗಳನ್ನು ಸೆಳೆಯುವುದನ್ನು ಮಾತ್ರ ಬೇಡ ಅನ್ನುತ್ತದೆ.

ಎರಡನ್ನೂ ಬೇರೆ ಮಾಡುವುದು ಹೇಗೆ? ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ವಿಡಿಯೋ ನೋಡಿದವರು ಬೇರೆ ಡಾಕ್ಟರ ಹತ್ತಿರ ಹೋದರೂ ಅವರಿಗೆ ಇದರಿಂದ ಪೂರ್ತಿ ಉಪಯೋಗ ಆಗುತ್ತದಾ? ಆಗುತ್ತದೆ ಅಂದರೆ ಹಾಕಿ.

ಮಾಲೂರು ಕಡೆಯ ಒಬ್ಬ ಅಜ್ಜಿ ನಮ್ಮಲ್ಲಿಗೆ ಬರುತ್ತಾರೆ. ಇನ್ಸುಲಿನ್ ತಪ್ಪದೆ ತೆಗೆದುಕೊಳ್ಳುತ್ತಿದ್ದರು, ಆದರೂ ಶುಗರ್ ಒಂದು ದಿನ ಮೇಲೆ, ಇನ್ನೊಂದು ದಿನ ಕೆಳಗೆ. ಸೊಸೆ ಊಟದ ಪಟ್ಟಿ ಬರೆದು ತಂದಿದ್ದರು. ಮುದ್ದೆ ಎಷ್ಟು, ಸಾರು ಯಾವುದು, ಎಲ್ಲಾ ಇತ್ತು. ಅದರಲ್ಲಿ ಏನೂ ತಪ್ಪಿರಲಿಲ್ಲ. ಹೊಟ್ಟೆ ಮುಟ್ಟಿ ನೋಡಿದರೆ ಹೊಕ್ಕಳ ಪಕ್ಕ ಒಂದು ಮೆತ್ತನೆಯ ಗಂಟು. ದಿನಾ ಅಲ್ಲೇ ಚುಚ್ಚಿಕೊಳ್ಳುತ್ತಿದ್ದರು. ಯಾಕಮ್ಮಾ ಅಂದರೆ, "ಅಲ್ಲಿ ನೋವೇ ಆಗಲ್ಲ ಸ್ವಾಮಿ" ಅಂದರು. ನಿಜ, ಗಂಟಿನಲ್ಲಿ ನೋವು ಕಡಿಮೆ. ಆದರೆ ಔಷಧಿ ಅಲ್ಲಿಂದ ಸರಿಯಾಗಿ ಮೈಗೆ ಸೇರುವುದಿಲ್ಲ.

ಅಂದು ಎಲ್ಲಾ ತೋರಿಸಿಕೊಟ್ಟೆವು. ಆದರೆ ಮನೆಗೆ ಹೋದ ಮೇಲೆ ಎಷ್ಟು ನೆನಪಿರುತ್ತದೆ, ಹೇಳಿ? ನಮ್ಮ ಮೊದಲ ವಿಡಿಯೋ ಹುಟ್ಟಿದ್ದು ಇದರಿಂದಲೇ. ಹೆಸರು "ಇನ್ಸುಲಿನ್ ಎಲ್ಲಿ, ಹೇಗೆ ಚುಚ್ಚಿಕೊಳ್ಳಬೇಕು?" ಜನ ಹುಡುಕುವ ಮಾತೇ ಹೆಸರಾಗಲಿ. ಅದರಲ್ಲಿ ನಾಲ್ಕೇ ವಿಷಯ ಹೇಳಿದೆವು: ಹಿಂದಿನ ಜಾಗದಿಂದ ಒಂದು ಬೆರಳಗಲ ಸರಿದು ಚುಚ್ಚಿ, ಇನ್ಸುಲಿನ್ ಪೆನ್ ಒತ್ತಿದ ಮೇಲೆ ಹತ್ತು ಎಣಿಸಿ ಸೂಜಿ ತೆಗೆಯಿರಿ, ಚುಚ್ಚಿದ ಜಾಗ ಉಜ್ಜಬೇಡಿ, ಪ್ರತಿ ಸಲ ಹೊಸ ಸೂಜಿ ಹಾಕಿ. ಕೈ ನಮ್ಮ ನರ್ಸ್‌ದು. ಪೆನ್ನಿನ ಮೇಲಿನ ಕಂಪನಿ ಹೆಸರಿಗೆ ಬಿಳಿ ಟೇಪ್ ಅಂಟಿಸಿದ್ದೆವು, ಯಾಕೆಂದರೆ ಔಷಧಿಗೋ ಸಾಧನಕ್ಕೋ ನಾವು ಶಿಫಾರಸು ಕೊಟ್ಟಂತೆ ಕಾಣಬಾರದು.

ಒಂದು ವಾಕ್ಯದ ಮೇಲೆ ಮಾತ್ರ ಬಹಳ ಯೋಚನೆ ಮಾಡಿದೆವು. ಗಂಟಿನಿಂದ ಒಳ್ಳೆಯ ಜಾಗಕ್ಕೆ ಬದಲಾಯಿಸಿದರೆ ಅದೇ ಡೋಸ್ ಜಾಸ್ತಿ ಕೆಲಸ ಮಾಡುತ್ತದೆ, ಶುಗರ್ ಕುಸಿಯಬಹುದು. ಅದಕ್ಕೇ "ಗಂಟು ಇದ್ದರೆ, ಜಾಗ ಬದಲಿಸುವ ಮೊದಲು ನಿಮ್ಮ ಡಾಕ್ಟರಿಗೆ ತೋರಿಸಿ" ಅಂದೆವು. "ನಮ್ಮ ಕ್ಲಿನಿಕ್‌ಗೆ ಬನ್ನಿ" ಅನ್ನಲಿಲ್ಲ. ನೋಡಿ, ಮತ್ತೆ ಅದೇ ಪ್ರಶ್ನೆ. ನೋಡುವವರು ಮುಳಬಾಗಿಲಿನವರೋ ಮಧುಗಿರಿಯವರೋ, ಅವರ ಡಾಕ್ಟರ್ ಅವರಿಗಿದ್ದಾರೆ. ನಂಬಿಕೆ ಬರುವುದೇ ಇಲ್ಲಿಂದ.

ಅಜ್ಜಿಗೆ ಶುಗರ್ ಹಿಡಿತಕ್ಕೆ ಬಂದ ಮೇಲೆ ಸೊಸೆಗೆ ಖುಷಿಯೋ ಖುಷಿ. "ಅತ್ತೆ ಕೈಲಿ ಹೇಳಿಸ್ತೀನಿ, ವಿಡಿಯೋ ಮಾಡ್ಕೊಳಿ ಡಾಕ್ಟ್ರೇ" ಅಂದರು. ಬೇಡಮ್ಮ ಅಂದೆ. ವಾಸಿ ಮಾಡಿದ ಕೇಸುಗಳನ್ನು ಹೇಳಿ ಕೊಚ್ಚಿಕೊಳ್ಳಬಾರದು, ಯಾವ ಮಾಧ್ಯಮದಲ್ಲೂ ಪ್ರಕಟಿಸಲು ಬಿಡಬಾರದು ಅಂತ ನಿಯಮವಿದೆ. ರೋಗಿ ಒಪ್ಪಿದರೂ ಇದು ಬದಲಾಗುವುದಿಲ್ಲ. ಇನ್ನು "ಶುಗರ್ ಪೂರ್ತಿ ವಾಸಿ" ಅಂತ ತಲೆಬರಹ ಕೊಟ್ಟರೆ 1954ರ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯೂ ಬರುತ್ತದೆ. ಅದರ ರೋಗಗಳ ಪಟ್ಟಿಯಲ್ಲಿ ಡಯಾಬಿಟಿಸ್ ಇದೆ.

ಈಗ ಯೂಟ್ಯೂಬ್ ಸ್ಟುಡಿಯೋದ ಗ್ರಾಫ್ ನೋಡೋಣ. ಎಷ್ಟು ವ್ಯೂಸ್ ಅನ್ನುವುದನ್ನು ಬಿಡಿ. ಜನ ಯಾವ ನಿಮಿಷದವರೆಗೆ ನೋಡಿದರು ಅನ್ನುವ ಗೆರೆ ನೋಡಿ. ಶುರುವಿನಲ್ಲೇ ಲೋಗೋ, ಸಂಗೀತ, ಡಿಗ್ರಿಗಳ ಸಾಲು ಇದ್ದರೆ ಗೆರೆ ಅಲ್ಲೇ ಬೀಳುತ್ತದೆ. ನಡುವೆ ಎಲ್ಲಾದರೂ ಗೆರೆ ಎದ್ದರೆ ಜನ ಹಿಂದಕ್ಕೆ ಹೋಗಿ ಮತ್ತೆ ನೋಡುತ್ತಿದ್ದಾರೆ ಅಂತ. ನಮ್ಮದರಲ್ಲಿ ಹತ್ತು ಎಣಿಸುವ ಕಡೆ ಎದ್ದಿತ್ತು. ಆ ಭಾಗವನ್ನೇ ಬೇರೆ ಚಿಕ್ಕ ವಿಡಿಯೋ ಮಾಡಿ, ಕ್ಯೂಆರ್ ಕೋಡನ್ನು ಔಷಧಿ ಚೀಟಿಯ ಹಿಂದೆ ಅಚ್ಚು ಹಾಕಿಸಿದೆವು. ನಮ್ಮ ಜಿಲ್ಲೆಯಲ್ಲಿ ಮನೆಯೊಳಗೆ ತೆಲುಗು ಆಡುವವರು ಎಷ್ಟು ಜನ ಅಂತ ನಿಮಗೇ ಗೊತ್ತು. ಅದೇ ವಿಡಿಯೋ ತೆಲುಗಿನಲ್ಲೂ ಇರಲಿ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಥಂಬ್‌ನೇಲ್ ವಿಷಯ ಬಿಡುತ್ತೇನೆ, ಕಾಮೆಂಟ್ ಒಂದನ್ನು ಹೇಳಲೇಬೇಕು. "ಡಾಕ್ಟ್ರೇ, ಶುಗರ್ 280 ಇದೆ, ಎಷ್ಟು ಯೂನಿಟ್ ಹಾಕ್ಲಿ?" ಅಂತ ಕೇಳುತ್ತಾರೆ. ಆ ಜಾಗದಲ್ಲಿ ಸಂಖ್ಯೆ ಬರೆಯಬೇಡಿ. ಅವರು ಯಾರು, ಕಿಡ್ನಿ ಹೇಗಿದೆ, ಊಟ ಆಗಿದೆಯಾ, ನಮಗೆ ಏನೂ ಗೊತ್ತಿಲ್ಲ. ಒಂದೇ ಉತ್ತರ ಬರೆದು ಮೇಲೆ ಪಿನ್ ಮಾಡಿ: ಡೋಸ್ ನಿಮ್ಮ ಡಾಕ್ಟರನ್ನೇ ಕೇಳಿ, ಮೈ ನಡುಗಿ ಬೆವರಿದರೆ ತಕ್ಷಣ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ, ಕಾಲು ಗಂಟೆ ಬಿಟ್ಟು ಮತ್ತೆ ಪರೀಕ್ಷಿಸಿ, ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ.

ಪೆನ್, ಟೇಪ್, ಫೋನ್ ಸ್ಟ್ಯಾಂಡ್ ಮೇಜಿನ ಮೇಲಿವೆ. ಊಟಕ್ಕೆ ಮುಂಚೆ ಇಬ್ಬರು ಬನ್ನಿ, ಇಲ್ಲೇ ಒಂದು ಶೂಟ್ ಮಾಡೋಣ.